ಸಿಮೆಂಟ್ ನೆಲಕ್ಕೆ ಅಂಟಿಸಿದ ಹಳೆ ವಿನೈಲ್ ಕೀಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿನಿಕ್, ಟ್ಯೂಷನ್ ಸೆಂಟರ್, ಸಣ್ಣ ಆಫೀಸು, ಮೊಬೈಲ್ ಅಂಗಡಿ. ಬಾಡಿಗೆ ಜಾಗ ಬದಲಾದಾಗಲೆಲ್ಲ ನೆಲದ ಮೇಲೆ ಹಳೆಯ ವಿನೈಲ್ ಶೀಟ್ ಒಂದು ಉಳಿದಿರುತ್ತದೆ. ಮೂಲೆ ಎದ್ದಿರುತ್ತದೆ, ಮಧ್ಯದಲ್ಲಿ ಕಲ್ಲಿನಂತೆ ಅಂಟಿರುತ್ತದೆ. ಅದನ್ನು ಬಿಸಿ ಗಾಳಿ ಊದುವ ಹೀಟ್ ಗನ್ ಮತ್ತು ಉದ್ದ ಹಿಡಿಯ ಸ್ಕ್ರೇಪರ್ ಬಳಸಿ ಎಬ್ಬಿಸುವ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಲ್ಲಿ ಹೇಳುತ್ತಿರುವುದು ಪೂರ್ತಿ ಗಮ್ ಹಚ್ಚಿ ಕಾಂಕ್ರೀಟ್ ಅಥವಾ ಸಿಮೆಂಟ್ ನೆಲಕ್ಕೆ ಕೂರಿಸಿದ ಶೀಟ್ ಮತ್ತು ಟೈಲ್ ಬಗ್ಗೆ. ಒಂದಕ್ಕೊಂದು ಸಿಕ್ಕಿಸಿ ಸುಮ್ನೆ ಹಾಸಿದ ಹಲಗೆಗಳಿಗೆ ಇದು ಯಾವುದೂ ಬೇಕಿಲ್ಲ, ಅವು ಕೈಯಲ್ಲೇ ಬರುತ್ತವೆ.

ಬಿಸಿ ಯಾಕೆ ಬೇಕು? ಬಲ ಹಾಕಿ ಎಳೆದರೆ ಬರಲ್ವಾ?

ಕೆಲವು ಕಡೆ ಬರುತ್ತದೆ. ಮುಂದಿನ ಪ್ರಶ್ನೆಯಲ್ಲಿ ಹೇಳುವ ಆಸ್ಬೆಸ್ಟಾಸ್ ಅನುಮಾನ ಇಲ್ಲದಿದ್ದರೆ ಮೊದಲು ಎಳೆದೇ ನೋಡಿ. ಗಮ್ ಒಣಗಿ ಪುಡಿಯಾಗಿದ್ದರೆ ಅರ್ಧ ಕೋಣೆ ಬಿಸಿಯಿಲ್ಲದೆ ಮುಗಿಯಬಹುದು.

ಗಮ್ ಇನ್ನೂ ಗಟ್ಟಿಯಾಗಿ ಹಿಡಿದಿದ್ದರೆ ತಣ್ಣಗಿರುವಾಗ ಎಳೆಯುವುದು ದಂಡ. ಶೀಟ್ ಅಂಗೈ ಅಗಲದ ಚೂರುಗಳಾಗಿ ಹರಿಯುತ್ತದೆ. ಇಲ್ಲವೇ ಮೇಲಿನ ಪ್ಲಾಸ್ಟಿಕ್ ಮಾತ್ರ ಬಂದು ಕೆಳಗಿನ ಪದರ ನೆಲದಲ್ಲೇ ಉಳಿಯುತ್ತದೆ. ನೆಲದ ಮೇಲ್ಪದರ ದುರ್ಬಲವಾಗಿದ್ದರೆ ಸಿಮೆಂಟ್ ಕೂಡ ಚಕ್ಕೆಯಾಗಿ ಎದ್ದು ಬರುತ್ತದೆ. ಬಿಸಿ ತಾಗಿದಾಗ ಎರಡು ಕೆಲಸ ಆಗುತ್ತವೆ. ಗಮ್‌ನ ಹಿಡಿತ ಸಡಿಲವಾಗುತ್ತದೆ, ಜೊತೆಗೆ ವಿನೈಲ್ ಮೆತ್ತಗಾಗಿ ಹರಿಯದೆ ಬಾಗುತ್ತದೆ.

ಹೆಚ್ಚಿನವರು ತಪ್ಪುವುದು ಒಂದೇ ಜಾಗದಲ್ಲಿ. ಗನ್ ಹಿಡಿದು ಶೀಟ್‌ನ ಮೇಲ್ಮೈಯನ್ನು ಕಾಯಿಸುತ್ತಾ ನಿಲ್ಲುತ್ತಾರೆ. ವಿನೈಲ್ ಮೂಲಕ ಶಾಖ ನಿಧಾನವಾಗಿ ಇಳಿಯುತ್ತದೆ. ಇಳಿದಷ್ಟನ್ನೂ ಕೆಳಗಿನ ಕಾಂಕ್ರೀಟ್ ಹೀರಿಕೊಳ್ಳುತ್ತದೆ. ಹಾಗಾಗಿ ಮೇಲೆ ಹೊಗೆ ಏಳುವ ಹೊತ್ತಿಗೂ ಕೆಳಗೆ ಗಮ್ ತಣ್ಣಗೇ ಇರುತ್ತದೆ. ಬಿಸಿ ಬೇಕಿರುವುದು ಗಮ್‌ಗೆ, ಶೀಟ್‌ಗಲ್ಲ. ಎದ್ದ ಅಂಚು ನೆಲದಿಂದ ಬೇರೆಯಾಗುವ ಸಂದಿಗೆ ಗಾಳಿ ಬಿಡಬೇಕು. ಒಂದು ಮಿಲಿಮೀಟರ್‌ಗಿಂತ ತೆಳು ಶೀಟ್ ಆದರೆ ಮೇಲಿಂದ ಕಾಯಿಸಿದರೂ ನಡೆಯುತ್ತದೆ. 2 ಮಿಲಿಮೀಟರ್ ದಾಟಿದರೆ ಸಂದಿಯ ದಾರಿಯೇ ಸರಿ.

ಹಳೆ ಶೀಟ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದಂತೆ, ಹೌದಾ?

ಇರಬಹುದು. ಅದರ ಸಣ್ಣ ನಾರು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ, ಹಾಗಾಗಿ ಇದನ್ನು ತಿಳಿದುಕೊಳ್ಳದೆ ಬ್ಲೇಡ್ ಇಡಬೇಡಿ.

ಅಮೆರಿಕ, ಕೆನಡಾದಲ್ಲಿ ಹಳೆ ಮನೆ ಕೊಂಡು ಬೇಸ್‌ಮೆಂಟ್ ರಿಪೇರಿಗೆ ಕೈಹಾಕುವ ನಮ್ಮವರಿಗೆ ಇದು ಮುಖ್ಯ. 1980ಕ್ಕಿಂತ ಹಿಂದಿನ ಮನೆಯಲ್ಲಿ 9 ಇಂಚಿನ ಚೌಕ ಟೈಲ್ ಕಂಡರೆ ಅದರಲ್ಲಿ ಆಸ್ಬೆಸ್ಟಾಸ್ ಇದೆ ಎಂದೇ ಮೊದಲು ಅಂದುಕೊಳ್ಳಬೇಕು. ಅದರಡಿಯ ಕಪ್ಪು ಡಾಂಬರಿನಂಥ ಅಂಟಿನಲ್ಲೂ ಇರಬಹುದು. ಆ ಕಾಲದ ಶೀಟ್‌ಗಳ ಬೆನ್ನಿಗಿದ್ದ ಬೂದುಬಣ್ಣದ ಪೇಪರ್‌ನಂಥ ಪದರವಂತೂ ಇನ್ನೂ ಅಪಾಯ. ಟೈಲ್‌ನಲ್ಲಿ ನಾರು ಪ್ಲಾಸ್ಟಿಕ್ ಒಳಗೆ ಸಿಕ್ಕಿಕೊಂಡಿರುತ್ತದೆ. ಪೇಪರ್ ಪದರ ಹರಿದರೆ ಸಾಕು, ನಾರು ಗಾಳಿಗೆ ಬರುತ್ತದೆ.

"ನಮ್ಮೂರಲ್ಲಿ ಅದೆಲ್ಲ ಇಲ್ಲ" ಅನ್ನುವ ಮಾತೂ ಸರಿಯಲ್ಲ. ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್. ಪಿವಿಸಿ ಆಸ್ಬೆಸ್ಟಾಸ್ ನೆಲದ ಟೈಲ್‌ಗೆಂದೇ ಭಾರತದಲ್ಲಿ ಐಎಸ್ 3461 ಎಂಬ ಮಾನದಂಡ ಇತ್ತು. ಹಳೆಯ ಸರ್ಕಾರಿ ಕಟ್ಟಡ, ಆಸ್ಪತ್ರೆ, ಕಾರ್ಖಾನೆಯ ಆಫೀಸುಗಳಲ್ಲಿ ಬಾಗದ, ಗಟ್ಟಿಯಾದ, ಬಗ್ಗಿಸಿದರೆ ಲಟಕ್ಕೆಂದು ಮುರಿಯುವ ಟೈಲ್ ಕಂಡರೆ ಕೆಲಸ ನಿಲ್ಲಿಸಿ. ಈಚಿನ ವರ್ಷಗಳಲ್ಲಿ ರೋಲ್‌ನಲ್ಲಿ ಬಂದ ಮೆತ್ತನೆಯ ಶೀಟ್‌ಗೆ ಈ ಭಯ ಕಡಿಮೆ.

ಕಣ್ಣಿನಿಂದ ನೋಡಿ ಯಾರೂ ಖಾತ್ರಿ ಹೇಳಲಾರರು. ಪರೀಕ್ಷೆ ಮಾಡುವ ಲ್ಯಾಬ್‌ಗೆ ಕೇಳಿ, ಅವರು ಹೇಳಿದಂತೆ ಟೈಲ್ ಮತ್ತು ಗಮ್ ಎರಡರದ್ದೂ ಸಣ್ಣ ಮಾದರಿ ಕಳಿಸಬೇಕು. ಆಸ್ಬೆಸ್ಟಾಸ್ ಇದೆ ಎಂದಾದರೆ ಈ ಪುಟದ ಉಳಿದ ಭಾಗ ನಿಮಗಲ್ಲ. ಟೈಲ್ ಮುರಿಯದೆ ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೆಯೇ ಹೊಸ ನೆಲ ಹಾಸಿ ಮುಚ್ಚಿಬಿಡುವುದು ಒಳ್ಳೆಯದು. ತೆಗೆಯಲೇಬೇಕಾದರೆ ಅದರ ತರಬೇತಿ ಇರುವವರನ್ನೇ ಕರೆಸಿ.

ಕೆಳಗೆ ಯಾವ ಗಮ್ ಇದೆ ಎಂದು ಹೇಗೆ ತಿಳಿಯುವುದು?

ಬಾಗಿಲ ಹಿಂದೆ ಅಥವಾ ಬೀರು ಇಡುವ ಮೂಲೆಯಲ್ಲಿ ಅಂಗೈ ಅಗಲದ ತುಂಡು ಕತ್ತರಿಸಿ ಎಬ್ಬಿಸಿ ನೋಡಿ.

ಕಂದು ಅಥವಾ ಜೇನಿನ ಬಣ್ಣದ, ಎಳೆದರೆ ದಾರದಂತೆ ಬರುವ ಗಮ್ ಆದರೆ ಅದು ರಬ್ಬರ್ ಗಮ್. ನಮ್ಮಲ್ಲಿ ಲ್ಯಾಮಿನೇಟ್, ರೆಕ್ಸಿನ್ ಅಂಟಿಸುವ ಡಬ್ಬದಲ್ಲೇ ವಿನೈಲ್ ಕೂಡ ಅಂಟಿಸುವುದು ಸಾಮಾನ್ಯ. ಬಿಸಿಗೆ ಚೆನ್ನಾಗಿ ಒಲಿಯುವುದು ಇದೇ. ಬಿಳಿ ಅಥವಾ ಹಾಲುಬಣ್ಣದ, ಒದ್ದೆ ಬಟ್ಟೆ ಇಟ್ಟು ಅರ್ಧ ಗಂಟೆ ಬಿಟ್ಟರೆ ಜಿಗುಟಾಗುವ ಗಮ್ ನೀರಿನ ಆಧಾರದ್ದು. ಅದಕ್ಕೆ ಶೀಟ್ ತೆಗೆಯುವಾಗ ಬಿಸಿ, ಆಮೇಲೆ ಬೆಚ್ಚನೆ ನೀರು. ಉಗುರಿಗೂ ಬಗ್ಗದ, ಗಾಜಿನಂತೆ ಗಟ್ಟಿಯಾದದ್ದು ಎಪಾಕ್ಸಿ ಇರಬಹುದು. ಆಸ್ಪತ್ರೆ, ಲ್ಯಾಬ್‌ಗಳಲ್ಲಿ ಸಿಗುತ್ತದೆ. ಬಿಸಿಯಿಂದ ಶೀಟ್ ಬಂದರೂ ಗಮ್ ಬರುವುದಿಲ್ಲ, ಗ್ರೈಂಡಿಂಗ್ ಬೇಕು.

ಕಪ್ಪಗಿದ್ದರೆ ಅದು ಡಾಂಬರಿನ ಗಮ್ ಇರಬಹುದು. ಇದಕ್ಕೆ ಗನ್ ಹಿಡಿಯಲೇಬಾರದು. ಕರಗಿ ನೆಲದ ತುಂಬ ಮೆತ್ತಿಕೊಳ್ಳುತ್ತದೆ. ಮೇಲೆ ಹೇಳಿದ ಆಸ್ಬೆಸ್ಟಾಸ್ ಅನುಮಾನವೂ ಇದಕ್ಕೇ ಜಾಸ್ತಿ.

ಏನೇನು ಸಾಮಾನು ಬೇಕು?

ಶಾಖ ಹೆಚ್ಚು ಕಡಿಮೆ ಮಾಡಲು ಬರುವ, 1500ರಿಂದ 2000 ವಾಟ್‌ನ ಹೀಟ್ ಗನ್. ಬ್ಲೇಡ್ ಬದಲಿಸಲು ಬರುವ, ನಾಲ್ಕೈದು ಅಡಿ ಹಿಡಿಯ ಸ್ಕ್ರೇಪರ್. ಬ್ಲೇಡ್ 4 ಇಂಚಿನದೂ 8 ಇಂಚಿನದೂ ಎರಡೂ ಇದ್ದರೆ ಅನುಕೂಲ. ಅಂಚಿಗೆ, ಮೂಲೆಗೆ ಪೇಂಟರ್‌ಗಳು ಪುಟ್ಟಿ ಹಚ್ಚುವ ಪಟ್ಟಿ. ಶೀಟ್ ಸೀಳಲು ಗಟ್ಟಿ ಕಟ್ಟರ್. ಚರ್ಮದ ಗ್ಲೌಸ್, ಕನ್ನಡಕ, ದಪ್ಪ ಅಡಿಯ ಶೂ.

ಬ್ಲೇಡ್‌ಗಳನ್ನು ನಿಮಗೆ ಸಾಕು ಅನಿಸಿದ್ದಕ್ಕಿಂತ ಜಾಸ್ತಿ ತನ್ನಿ. ಕಾಂಕ್ರೀಟ್ ಮೇಲೆ ಬ್ಲೇಡ್ ಬಹಳ ಬೇಗ ಮೊಂಡಾಗುತ್ತದೆ. ಮೊಂಡು ಬ್ಲೇಡ್‌ನಲ್ಲಿ ಬೆವರು ಸುರಿಸುವುದಕ್ಕಿಂತ ಬದಲಿಸುವುದು ಅಗ್ಗ.

ಮಾಸ್ಕ್ ಬಗ್ಗೆ ಒಂದು ಮಾತು. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಗಮ್‌ನ ಆವಿಯನ್ನು ತಡೆಯುವುದಿಲ್ಲ. ಕಿಟಕಿ ಬಾಗಿಲು ತೆರೆದು, ಗಾಳಿ ಹೊರಗೆ ಹೋಗುವಂತೆ ಒಂದು ಫ್ಯಾನ್ ಇಡಿ. ಕಿಟಕಿಯಿಲ್ಲದ ಕೋಣೆಯಾದರೆ ಆವಿಗೂ ಆಮ್ಲ ಅನಿಲಕ್ಕೂ ಹೊಂದುವ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು.

ಮನೆಯ ಯಾವುದೇ ಪ್ಲಗ್‌ಗೆ ಗನ್ ಹಾಕಬಹುದಾ?

2000 ವಾಟ್ ಗನ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಗೋಡೆಯ ಚಿಕ್ಕ ಸಾಕೆಟ್ 6 ಆಂಪಿಯರ್‌ನದು. ಗೀಸರ್, ಎಸಿಗೆ ಬಳಸುವ 16 ಆಂಪಿಯರ್ ಸಾಕೆಟ್‌ನಿಂದಲೇ ಕರೆಂಟ್ ತಗೊಳ್ಳಿ. ಟಿವಿಗೆ ಹಾಕುವ ತೆಳು ವೈರ್‌ನ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. 2.5 ಚದರ ಮಿಲಿಮೀಟರ್ ವೈರ್‌ನ ಎಕ್ಸ್‌ಟೆನ್ಶನ್ ಇರಲಿ. ಅದನ್ನು ಸುತ್ತಿಟ್ಟುಕೊಂಡು ಬಳಸಬೇಡಿ, ಪೂರ್ತಿ ಬಿಚ್ಚಿ. ಆಗಾಗ ಪ್ಲಗ್ ಮುಟ್ಟಿ ನೋಡಿ, ಕೈಗೆ ಬಿಸಿ ತಾಗಿದರೆ ನಿಲ್ಲಿಸಿ.

ಗನ್ ಎಷ್ಟು ಶಾಖಕ್ಕೆ ಇಡಬೇಕು?

ಗನ್‌ನ ಮೂತಿಯಲ್ಲಿ 250ರಿಂದ 300 ಡಿಗ್ರಿ ಸೆಲ್ಸಿಯಸ್ ಇಟ್ಟು, ಸಂದಿಯಿಂದ ಎರಡು ಮೂರು ಇಂಚು ದೂರ ಹಿಡಿದು, ಕೈ ಆಡಿಸುತ್ತಾ ಇರಿ. ನಮಗೆ ಬೇಕಾಗಿರುವುದು ಗಮ್ ಇರುವಲ್ಲಿ 60ರಿಂದ 80 ಡಿಗ್ರಿ ಮಾತ್ರ. ದೂರದಿಂದ ಶಾಖ ಅಳೆಯುವ ಥರ್ಮಾಮೀಟರ್ ಇದ್ದರೆ ಒಂದೆರಡು ಸಲ ಅಳೆದು ಕೈಗೆ ಅಂದಾಜು ಸಿಕ್ಕಮೇಲೆ ಅದರ ಹಂಗಿಲ್ಲ. ಇಲ್ಲದಿದ್ದರೆ ಶೀಟ್ ನೋಡಿ. ಎದ್ದ ಅಂಚು ಬಿಸಿ ಚಪಾತಿಯಂತೆ ಸದ್ದಿಲ್ಲದೆ ಮಡಚಬೇಕು.

ಜಾಸ್ತಿ ಆಯ್ತು ಎಂದು ಹೇಳುವ ಗುರುತುಗಳು ಸ್ಪಷ್ಟ. ಅಂಚು ಕಂದಾಗುತ್ತದೆ, ಗುಳ್ಳೆ ಏಳುತ್ತದೆ, ಮೂಗು ಗಂಟಲು ಉರಿಯುವ ಘಾಟು ಬರುತ್ತದೆ. ಅದು ಬರೀ ಪ್ಲಾಸ್ಟಿಕ್ ವಾಸನೆಯಲ್ಲ. ಪಿವಿಸಿ ಅತಿಯಾಗಿ ಕಾದು ಒಡೆದಾಗ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ತೇವ ತಾಗಿದರೆ ಅದು ಆಮ್ಲ. ಗನ್ ಆರಿಸಿ, ಹೊರಗೆ ಹೋಗಿ, ಗಾಳಿ ತಿಳಿಯಾದಮೇಲೆ ಶಾಖ ಇಳಿಸಿ ಶುರು ಮಾಡಿ.

ಜಾಸ್ತಿ ಕಾಯಿಸಿದರೆ ಕೆಲಸವೂ ಕೆಡುತ್ತದೆ. ಗಮ್ ಪಾಕವಾಗಿ ಬ್ಲೇಡ್‌ಗೆ ಸುತ್ತಿಕೊಳ್ಳುತ್ತದೆ. ಶೀಟ್ ಹಿಗ್ಗಿ ಬ್ಲೇಡ್ ಅದನ್ನು ತಳ್ಳುವ ಬದಲು ಸೀಳುತ್ತದೆ.

ಕೆಲಸದ ಕ್ರಮ ಹೇಗೆ? ಒಂದು ಕೋಣೆಗೆ ಎಷ್ಟು ಹೊತ್ತು ಹಿಡಿಯುತ್ತದೆ?

10 ಅಡಿ ಅಗಲ, 12 ಅಡಿ ಉದ್ದದ ಕ್ಲಿನಿಕ್ ಕೋಣೆ ಒಂದನ್ನು ತೆಗೆದುಕೊಳ್ಳೋಣ. 2 ಮಿಲಿಮೀಟರ್ ಶೀಟ್, ಕೆಳಗೆ ರಬ್ಬರ್ ಗಮ್, ಅದರಡಿ ಸಿಮೆಂಟ್ ನೆಲ. ಕೆಲಸಕ್ಕೆ ಇಬ್ಬರು.

ಮೊದಲು ಗೋಡೆಯಂಚಿನ ಪಟ್ಟಿ, ಬಾಗಿಲ ಬಳಿಯ ಅಲ್ಯೂಮಿನಿಯಂ ಪಟ್ಟಿ ತೆಗೆಯಿರಿ. ನಂತರ ಕಟ್ಟರ್‌ನಿಂದ ಉದ್ದಕ್ಕೆ, 8 ಇಂಚಿಗೊಂದರಂತೆ ಸೀಳಿ. 10 ಅಡಿ ಎಂದರೆ 120 ಇಂಚು, ಅಂದರೆ 15 ಪಟ್ಟಿ. ಒಂದೇ ಏಟಿಗೆ ನೆಲ ಮುಟ್ಟುವಂತೆ ಒತ್ತಬೇಡಿ, ಕಟ್ಟರ್ ತುದಿ ಮುರಿಯುತ್ತದೆ. ಎರಡು ಸಲ ಎಳೆಯಿರಿ. ಪಟ್ಟಿಯ ಅಗಲ ಬ್ಲೇಡ್‌ನಷ್ಟೇ ಇರಬೇಕು. ಅದಕ್ಕಿಂತ ಅಗಲವಾದರೆ ಎರಡೂ ಪಕ್ಕ ಹಿಡಿದು ಎಳೆಯುತ್ತಿರುತ್ತದೆ, ಅಷ್ಟಗಲ ಒಂದೇ ಸಲ ಬಿಸಿ ಮಾಡುವುದೂ ಆಗುವುದಿಲ್ಲ.

ಶುರು ಮಾಡುವುದು ಬಾಗಿಲ ಕಡೆಯಿಂದ. ಅಲ್ಲಿ ಓಡಾಟದಿಂದ ಅಂಚು ಸಡಿಲವಾಗಿರುತ್ತದೆ. ಮೊದಲ ನಾಲ್ಕು ಇಂಚನ್ನು ಮೇಲಿಂದ ಕಾಯಿಸಿ ಪೇಂಟರ್ ಪಟ್ಟಿಯಿಂದ ಎಬ್ಬಿಸಬೇಕು. ಇದೇ ಕೋಣೆಯ ಅತಿ ತ್ರಾಸದ ನಾಲ್ಕು ಇಂಚು. ಆಮೇಲೆ ಒಬ್ಬರು ಪಕ್ಕದಲ್ಲಿ ಕೂತು, ಎದ್ದ ಅಂಚನ್ನು ಗ್ಲೌಸ್ ಹಾಕಿದ ಕೈಯಲ್ಲಿ ಮೇಲಕ್ಕೆ ಹಿಡಿದು, ಸಂದಿಗೆ ಹದಿನೈದು ಸೆಕೆಂಡ್ ಗನ್ ಬಿಡಬೇಕು. ಗನ್ ಪಕ್ಕಕ್ಕೆ ಸರಿದ ಕೂಡಲೇ ಇನ್ನೊಬ್ಬರು ನಿಂತುಕೊಂಡು ಸ್ಕ್ರೇಪರ್ ತಳ್ಳಬೇಕು. ಒಂದು ತಳ್ಳಿಗೆ ನಾಲ್ಕು ಇಂಚು ಸಾಕು. ಮತ್ತೆ ಬಿಸಿ, ಮತ್ತೆ ತಳ್ಳು. ಇಬ್ಬರ ಲಯ ಕೂಡುವವರೆಗೆ ಮೊದಲ ಪಟ್ಟಿ ತಡವಾಗುತ್ತದೆ, ಗಾಬರಿ ಬೇಡ.

12 ಅಡಿ ಎಂದರೆ 144 ಇಂಚು, ನಾಲ್ಕರಂತೆ 36 ತಳ್ಳು. ಒಂದಕ್ಕೆ ಅರ್ಧ ನಿಮಿಷ ಎಂದರೆ ಪಟ್ಟಿಗೆ 18 ನಿಮಿಷ, 15 ಪಟ್ಟಿಗೆ ನಾಲ್ಕೂವರೆ ಗಂಟೆ. ಊಟ, ಬ್ಲೇಡ್ ಬದಲಾವಣೆ, ಬೆನ್ನು ನೋವು ಎಲ್ಲ ಸೇರಿದರೆ ಪೂರ್ತಿ ಒಂದು ದಿನ. ಉಳಿದ ಗಮ್ ತೆಗೆಯಲು ಇನ್ನೊಂದು ದಿನ ಇಟ್ಟುಕೊಳ್ಳಿ. ಒಬ್ಬರೇ ಮಾಡುವುದಾದರೆ ಗನ್ ಕೆಳಗಿಟ್ಟು ಸ್ಕ್ರೇಪರ್ ಎತ್ತುವಷ್ಟರಲ್ಲಿ ಕಾಂಕ್ರೀಟ್ ಬಿಸಿ ಹೀರಿಬಿಡುತ್ತದೆ. ಸಮಯ ದುಪ್ಪಟ್ಟು ಎಂದುಕೊಂಡರೂ ತಪ್ಪಿಲ್ಲ.

ಎರಡು ಸಣ್ಣ ವಿಷಯ. ಸ್ಕ್ರೇಪರ್ ತಳ್ಳುವವರು ನಿಲ್ಲುವುದು ಶೀಟ್ ಕಿತ್ತ ಜಾಗದಲ್ಲಿ, ಶೂ ಗಮ್‌ಗೆ ಅಂಟುತ್ತದೆ. ಅಲ್ಲಿ ರಟ್ಟಿನ ತುಂಡು ಹಾಕಿಕೊಳ್ಳಿ, ಆದರೆ ಅದು ಗನ್‌ನ ಗಾಳಿಗೆ ಸಿಗದಿರಲಿ. ಇನ್ನೊಂದು, ಆರಿಸಿದ ಗನ್‌ನ ಮೂತಿ ತುಂಬಾ ಹೊತ್ತು ಸುಡುತ್ತಿರುತ್ತದೆ. ಶೀಟ್ ಮೇಲೆ ಮಲಗಿಸಬೇಡಿ.

ಬ್ಲೇಡ್ ಒಂದೋ ಜಾರುತ್ತದೆ, ಇಲ್ಲವೇ ನೆಲ ಕೆತ್ತುತ್ತದೆ. ಏನು ಮಾಡಬೇಕು?

ಅದು ಕೋನದ ತಪ್ಪು. ಹಿಡಿಯನ್ನು ಎದೆ ಮಟ್ಟಕ್ಕೆ ಎತ್ತಿದರೆ ಬ್ಲೇಡ್ ಮೂಗಿನ ಮೇಲೆ ನಿಂತು ಸಿಮೆಂಟ್ ಕೆತ್ತುತ್ತದೆ. ಹಿಡಿಯನ್ನು ಸೊಂಟಕ್ಕೆ, ಬೇಕಾದರೆ ಇನ್ನೂ ಕೆಳಕ್ಕೆ ಇಳಿಸಿ. ಬ್ಲೇಡ್ ನೆಲಕ್ಕೆ 20ರಿಂದ 30 ಡಿಗ್ರಿ ಓರೆಯಲ್ಲಿ ಇರಲಿ. ತೋಳಿನಿಂದ ಕುಟ್ಟುವುದಲ್ಲ, ಒಂದು ಕಾಲು ಮುಂದಿಟ್ಟು ಮೈಭಾರದಿಂದ ತಳ್ಳುವುದು. ಕೋನ ಸರಿಯಿದ್ದೂ ಬ್ಲೇಡ್ ಶೀಟ್ ಮೇಲೆ ಹತ್ತಿಬಿಡುತ್ತಿದ್ದರೆ ಅದು ಮೊಂಡಾಗಿದೆ.

ತಳ್ಳುವಾಗ ಕರಕರ ಸದ್ದಿನ ಜೊತೆ ಬೂದು ಪುಡಿ ಬರುತ್ತಿದ್ದರೆ ಬ್ಲೇಡ್ ಕೆಳಗೆ ಸಿಗುತ್ತಿರುವುದು ಗಮ್ ಅಲ್ಲ, ನೆಲ. 8 ಇಂಚಿನ ಬ್ಲೇಡ್ ತಗ್ಗು ಉಬ್ಬಿರುವ ನೆಲದಲ್ಲಿ ಹೀಗೆ ಮಾಡುತ್ತದೆ. 4 ಇಂಚಿನದಕ್ಕೆ ಬದಲಿಸಿ.

ಮೇಲಿನ ಪ್ಲಾಸ್ಟಿಕ್ ಬಂತು, ಪೇಪರ್‌ನಂಥ ಪದರ ನೆಲದಲ್ಲೇ ಉಳಿಯಿತು. ಈಗ?

ಆಸ್ಬೆಸ್ಟಾಸ್ ಇಲ್ಲ ಎಂದು ಖಾತ್ರಿಯಾಗಿದ್ದರೆ ಮಾತ್ರ ಮುಂದುವರಿಯಿರಿ. ಗನ್ ಬದಿಗಿಡಿ, ಪ್ಲಗ್ ಕಳಚಿ. ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸೋಪು ಸ್ವಲ್ಪ ಹಾಕಿ ಪದರದ ಮೇಲೆ ಚಿಮುಕಿಸಿ, ಇಪ್ಪತ್ತು ನಿಮಿಷ ಬಿಡಿ. ನೀರು ಕುಡಿದ ಪದರ ಸ್ಕ್ರೇಪರ್‌ಗೆ ಸುಲಭವಾಗಿ ಸುತ್ತಿ ಬರುತ್ತದೆ. ಒಣಗಿರುವಾಗ ಹೆರೆಯಲು ಹೋದರೆ ಬರೀ ಧೂಳು.

ಉಳಿದ ಗಮ್ ತೆಗೆಯಲೇಬೇಕಾ?

ಮೇಲೆ ಏನು ಬರುತ್ತದೆ ಎನ್ನುವುದನ್ನು ನೋಡಿ. ಸಿಕ್ಕಿಸಿ ಹಾಸುವ ಹಲಗೆ ಹಾಕುವುದಾದರೆ ಗಡ್ಡೆಗಳನ್ನು ಹೆರೆದು ಸಮ ಮಾಡಿದರೆ ಸಾಕು. ಸಿಮೆಂಟ್ ಅಥವಾ ಟೈಲ್ ಅಡ್ಹೆಸಿವ್ ಹಾಕಿ ಟೈಲ್ ಕೂರಿಸುವುದಾದರೆ ಗಮ್ ಹೋಗಲೇಬೇಕು. ರಬ್ಬರ್‌ನಂಥ ಪದರದ ಮೇಲೆ ಟೈಲ್ ನೆಲವನ್ನು ಹಿಡಿಯುವುದಿಲ್ಲ, ಕೆಲವು ತಿಂಗಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ.

ರಬ್ಬರ್ ಗಮ್ ಅನ್ನು ಕಡಿಮೆ ಶಾಖದಲ್ಲಿ ಒಂದು ಅಡಿ ಜಾಗದಷ್ಟೇ ಮೆದು ಮಾಡಿ 4 ಇಂಚಿನ ಬ್ಲೇಡ್‌ನಿಂದ ಹೆರೆಯಿರಿ. ಬ್ಲೇಡ್‌ಗೆ ಮೆತ್ತಿದ ಗಮ್ ಅನ್ನು ಪ್ರತಿ ಸಲ ಒರೆಸಬೇಕು, ಇಲ್ಲದಿದ್ದರೆ ಅದನ್ನೇ ಮುಂದಕ್ಕೆ ಬಳಿಯುತ್ತಾ ಹೋಗುತ್ತೀರಿ. ಕೊನೆಗೆ ಉಳಿಯುವ ಜಿಗುಟಿನ ಮೇಲೆ ಗನ್ ಆರಿಸಿ, ನೆಲ ತಣ್ಣಗಾದ ಮೇಲೆ ಮರದ ಹೊಟ್ಟು ಉದುರಿಸಿ ಹೆರೆದರೆ ಗಮ್ ಉಂಡೆ ಉಂಡೆಯಾಗಿ ಏಳುತ್ತದೆ. ಹೊಟ್ಟು ಇರುವಾಗ ಮತ್ತೆ ಗನ್ ಹಚ್ಚಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ನೆನಪಿರಲಿ. ನೆಲದ ರಂಧ್ರಕ್ಕೆ ಇಳಿದ ಗಮ್ ಯಾವ ಬ್ಲೇಡ್‌ಗೂ ಬರುವುದಿಲ್ಲ. ಅದಕ್ಕೆ ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಿದ ಗ್ರೈಂಡರ್ ಮತ್ತು ಡೈಮಂಡ್ ಕಪ್.

ಪೆಟ್ರೋಲ್ ಅಥವಾ ಥಿನ್ನರ್ ಸುರಿದರೆ ಗಮ್ ಬೇಗ ಕರಗುತ್ತದೆ ಅಂತಾರಲ್ಲ?

ಕರಗುತ್ತದೆ. ಹಾಗೆಂದು ಬಳಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ನೀವು ಹೀಟ್ ಗನ್ ಹಿಡಿದು ಕೂತಿರುವುದೂ ನೆಲದ ಮಟ್ಟದಲ್ಲೇ. ಥಿನ್ನರ್ ಕೂಡ ಅಷ್ಟೇ. ಗನ್ ಇಲ್ಲದಿದ್ದರೂ ಪಕ್ಕದ ಕೋಣೆಯ ಫ್ರಿಡ್ಜ್, ಸ್ವಿಚ್, ಪೂಜೆಯ ದೀಪ ಯಾವುದರ ಕಿಡಿಯಾದರೂ ಸಾಕು. ಕರಗಿದ ಗಮ್ ನೆಲದ ರಂಧ್ರಕ್ಕೆ ಇನ್ನೂ ಆಳಕ್ಕೆ ಇಳಿಯುವುದು ಬೇರೆ.

ಹೀಟ್ ಗನ್ ಬದಲು ಗ್ಯಾಸ್ ಟಾರ್ಚ್, ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್?

ಟಾರ್ಚ್ ಬೇಡವೇ ಬೇಡ. ಬೆಂಕಿಯ ಭಯ ಒಂದು. ಇನ್ನೊಂದು, ತೇವವಿರುವ ಕಾಂಕ್ರೀಟ್‌ಗೆ ಜ್ವಾಲೆ ತಾಗಿದರೆ ಒಳಗಿನ ನೀರು ಆವಿಯಾಗಿ ಚಕ್ಕೆ ಸಿಡಿಯಬಹುದು. ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಶಾಖದಲ್ಲಿ, ಹಳೆ ಬಟ್ಟೆಯ ಮೇಲಿಟ್ಟು, ಒಂದೆರಡು ಟೈಲ್‌ಗೆ ಬಳಸಬಹುದು. ಹೇರ್ ಡ್ರೈಯರ್ ಮೂಲೆಯ ತೆಳು ತುಂಡಿಗೆ ಸಾಕು, ಕೋಣೆಗೆ ಸಾಲದು.

ಶೀಟ್ ಕೆಳಗೆ ರೆಡ್ ಆಕ್ಸೈಡ್ ನೆಲ ಸಿಕ್ಕಿತು. ಅದನ್ನು ಉಳಿಸಿಕೊಳ್ಳಬಹುದಾ?

ಬೆಂಗಳೂರು, ಮೈಸೂರಿನ ಹಳೆ ಮನೆಗಳಲ್ಲಿ ಹೀಗೆ ಸಿಗುತ್ತದೆ. ಉಳಿಸಬಹುದು, ಆದರೆ ಉದ್ದ ಹಿಡಿಯ ಸ್ಕ್ರೇಪರ್ ಅಲ್ಲಿಗೇ ನಿಲ್ಲಬೇಕು. ಅದರ ಹೊಳಪು ಬಹಳ ತೆಳುವಾದ ಮೇಲ್ಪದರದಲ್ಲಿ ಇರುತ್ತದೆ. ಉಕ್ಕಿನ ಬ್ಲೇಡ್ ಒಂದು ಗೆರೆ ಎಳೆದರೆ ಅದು ಶಾಶ್ವತ. ಕಡಿಮೆ ಬಿಸಿ, ಪ್ಲಾಸ್ಟಿಕ್ ಸ್ಕ್ರೇಪರ್, ಕೈಯಿಂದ ನಿಧಾನಕ್ಕೆ ಎಳೆಯುವುದು. ಗ್ರೈಂಡರ್ ತರುತ್ತೇನೆ ಎನ್ನುವ ಮೇಸ್ತ್ರಿಯನ್ನು ಬಾಗಿಲಲ್ಲೇ ತಡೆಯಿರಿ. ಶೀಟ್ ಅಂಟಿಸುವ ಮೊದಲು ಹಿಡಿತ ಬರಲೆಂದು ನೆಲವನ್ನು ಚುಚ್ಚಿ ಒರಟು ಮಾಡಿದ್ದರೆ ಮಾತ್ರ ಉಳಿಸುವ ಆಸೆ ಬಿಡಬೇಕು.

ಕೆಲವು ಕಡೆ ಶೀಟ್ ತಾನಾಗಿಯೇ ಎದ್ದು ಬಂತು. ಒಳ್ಳೆಯದಾಯ್ತಲ್ವಾ?

ಅಲ್ಲಿ ಕೆಳಗೆ ಬಿಳಿ ಪುಡಿ ಇದೆಯಾ, ಗಮ್ ಕೊಳೆತಂತೆ ಮೆತ್ತಗಿದೆಯಾ ನೋಡಿ. ಇದ್ದರೆ ನೆಲದಿಂದ ತೇವ ಏಳುತ್ತಿದೆ. ನೆಲ ಅಂತಸ್ತಿನಲ್ಲಿ ಇದು ಸಾಮಾನ್ಯ. ಸ್ವಚ್ಛ ಮಾಡಿದ ನೆಲದ ಮೇಲೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥಿನ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಮುಚ್ಚಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಒಳಗೆ ಹನಿ ಕಟ್ಟಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಇದೆ. ಹನಿ ಇಲ್ಲ ಎಂದಮಾತ್ರಕ್ಕೆ ಪೂರ್ತಿ ಒಣಗಿದೆ ಎಂದಲ್ಲ. ಹಾಗಾಗಿ ಇದೇ ಪರೀಕ್ಷೆಯನ್ನು ಮಳೆಗಾಲದಲ್ಲೂ ಒಮ್ಮೆ ಮಾಡುವುದು ಒಳ್ಳೆಯದು. ತೇವದ ಕಾರಣ ಹುಡುಕದೆ ಅದರ ಮೇಲೆ ಮತ್ತೆ ವಿನೈಲ್ ಅಂಟಿಸಿದರೆ ಅದೂ ಹೀಗೇ ಏಳುತ್ತದೆ.

ಕಿತ್ತ ಶೀಟ್ ಎಲ್ಲಿ ಹಾಕುವುದು?

ಮೇಲೆ ಹೇಳಿದ 120 ಚದರ ಅಡಿ ಕೋಣೆಯಿಂದ 30 ಕಿಲೊಗಿಂತ ಹೆಚ್ಚು ಶೀಟ್ ಬರುತ್ತದೆ. ಪ್ರತಿ ಪಟ್ಟಿಯನ್ನೂ ಬೆಚ್ಚಗಿರುವಾಗಲೇ ಗಮ್ ಒಳಗೆ ಬರುವಂತೆ ಸುತ್ತಿ ದಾರ ಕಟ್ಟಿ. ತಣ್ಣಗಾದ ಮೇಲೆ ಸುತ್ತಲು ಬರುವುದಿಲ್ಲ, ಬಿಡಿಯಾಗಿ ಇಟ್ಟರೆ ಒಂದಕ್ಕೊಂದು ಅಂಟಿ ರಾಶಿಯಾಗುತ್ತದೆ. ಮನೆಯ ಕಸದ ಗಾಡಿಗೆ ಇಷ್ಟನ್ನು ಒಮ್ಮೆಲೇ ಕೊಡುವ ಬದಲು ವಾರ್ಡ್ ಕಚೇರಿಯಲ್ಲಿ ಮೊದಲೇ ಕೇಳಿ. ಕೆಲಸಕ್ಕೆ ಬರುವವರ ಜೊತೆ ಕೂಲಿ ಮಾತಾಡುವಾಗ ಕಸ ಸಾಗಿಸುವುದು ಅದರಲ್ಲಿ ಸೇರಿದೆಯಾ ಎಂದೂ ಕೇಳಿ, ಅವರು ಅದನ್ನು ಖಾಲಿ ಸೈಟ್‌ಗೆ ಒಯ್ದು ಬೆಂಕಿ ಹಾಕುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಗನ್‌ನ ಶಾಖಕ್ಕೇ ಆಮ್ಲದ ಘಾಟು ಬಿಡುವ ಪಿವಿಸಿ, ಸುಟ್ಟರೆ ಅದರ ಜೊತೆಗೆ ಡಯಾಕ್ಸಿನ್ ಎಂಬ ವಿಷವನ್ನೂ ಬಿಡುತ್ತದೆ.